ಕರು ಮತ್ತು ಕುರಿಮರಿಗಳ ಹೊಕ್ಕುಳು ಬಾವು, ಕೀಲು ಬಾವು: ತಪ್ಪು ಎಲ್ಲಾಯಿತೆಂದು ಹಿಂದಕ್ಕೆ ಹುಡುಕುವ ಕ್ರಮ

ಹುಟ್ಟಿ ಒಂದು ವಾರ ಕಳೆದ ಕರು ಇದ್ದಕ್ಕಿದ್ದಂತೆ ಒಂದು ಕಾಲನ್ನು ಊರದೆ ನಿಂತರೆ, ಮುಂಗಾಲಿನ ಮಂಡಿ ದಪ್ಪಗಾಗಿ ಕೈಗೆ ಬಿಸಿ ತಗುಲಿದರೆ, ಕೊಟ್ಟಿಗೆಯವರ ಬಾಯಲ್ಲಿ ಮೊದಲು ಬರುವ ಮಾತು "ತಾಯಿ ತುಳಿದಿರಬೇಕು" ಎಂಬುದು. ಯಲಹಂಕದಿಂದ ಆಚೆಗೆ ದೊಡ್ಡಬಳ್ಳಾಪುರದ ಕಡೆ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಸುತ್ತಮುತ್ತ ನಾನು ಚಿಕಿತ್ಸೆಗೆ ಹೋಗುವ ಮನೆಗಳಲ್ಲಿ ಈ ಮಾತು ಕೇಳದ ಮಳೆಗಾಲವೇ ಇಲ್ಲ. ತುಳಿತದಿಂದ ಕೀಲು ಬಾಯುವುದೇ ಇಲ್ಲವೆಂದಲ್ಲ. ಆದರೆ ಒಂದು ತಿಂಗಳೊಳಗಿನ ಕರುವಿನಲ್ಲಾಗಲಿ ಕುರಿಮರಿಯಲ್ಲಾಗಲಿ ಬಿಸಿಯಾಗಿ ಬಾತ ಕೀಲನ್ನು, ಬೇರೆ ಕಾರಣ ಖಚಿತವಾಗುವವರೆಗೆ, ಸೋಂಕೆಂದೇ ತಿಳಿದು ನಡೆಯಬೇಕು. ಏಟು ಬಿದ್ದಿದೆಯೆಂದು ಎಣ್ಣೆ ತಿಕ್ಕುತ್ತ ಮೂರು ದಿನ ಕಳೆದರೆ ಕೀಲಿನ ಒಳಗಿನ ಮೃದ್ವಸ್ಥಿ ಕರಗಲು ಅಷ್ಟೇ ಸಮಯ ಸಾಕು. ಒಮ್ಮೆ ಅದು ಕರಗಿದ ಮೇಲೆ ಯಾವ ಔಷಧಿಯೂ ಅದನ್ನು ಮರಳಿ ಕಟ್ಟಿಕೊಡುವುದಿಲ್ಲ.

ಈ ಬರಹದಲ್ಲಿ ಬಾತ ಕೀಲಿನಿಂದ ಹೊರಟು ಹೊಕ್ಕುಳಿಗೆ, ಹೊಕ್ಕುಳಿನಿಂದ ಕರು ಬಿದ್ದ ನೆಲಕ್ಕೆ ಮತ್ತು ಅದು ಕುಡಿದ ಮೊದಲ ಗಿಣ್ಣಿಗೆ ಹಿಂದಕ್ಕೆ ಹೋಗುವ ದಾರಿಯನ್ನು ವಿವರಿಸಿದ್ದೇನೆ. ಕುಂಟು ಕಾಣಿಸುವುದು ಎರಡನೇ ವಾರದಲ್ಲಾದರೂ ತಪ್ಪು ನಡೆದಿರುವುದು ಸಾಮಾನ್ಯವಾಗಿ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಅದನ್ನು ಪತ್ತೆ ಹಚ್ಚದೆ ಬರೀ ಇಂಜೆಕ್ಷನ್ ಕೊಡಿಸಿದರೆ ಆ ಕರು ಉಳಿಯಬಹುದು, ಆದರೆ ಅದೇ ಕೊಟ್ಟಿಗೆಯಲ್ಲಿ ಮುಂದೆ ಹುಟ್ಟುವ ಕರುವಿಗೂ ಅದೇ ಗತಿಯಾಗುತ್ತದೆ.

ಹೊಕ್ಕುಳಿನಿಂದ ಮಂಡಿಗೆ ರೋಗಾಣು ಹೋಗುವ ದಾರಿ

ಹೊಕ್ಕುಳ ಬಳ್ಳಿಯೊಳಗೆ ಮೂರು ಬಗೆಯ ಕೊಳವೆಗಳಿರುತ್ತವೆ. ಮೊದಲನೆಯದು ಅಭಿಧಮನಿ. ತಾಯಿಯಿಂದ ರಕ್ತ ತರುವ ಈ ನಾಳ ಕರುವಿನ ಹೊಟ್ಟೆಯೊಳಗೆ ಮುಂದಕ್ಕೆ ಸಾಗಿ ನೇರವಾಗಿ ಯಕೃತ್ತಿಗೆ ಸೇರುತ್ತದೆ. ಎರಡನೆಯದು ಜೋಡಿ ಅಪಧಮನಿಗಳು. ಇವು ಹಿಂದಕ್ಕೆ, ಮೂತ್ರಕೋಶದ ಎರಡೂ ಬದಿಯಲ್ಲಿ ಸಾಗುತ್ತವೆ. ಮೂರನೆಯದು ಗರ್ಭದಲ್ಲಿದ್ದಾಗ ಮೂತ್ರ ಹೊರಹೋಗುತ್ತಿದ್ದ ನಾಳ, ಅದು ಮೂತ್ರಕೋಶದ ತುದಿಗೆ ಅಂಟಿಕೊಂಡಿರುತ್ತದೆ. ಬಳ್ಳಿ ತಾನಾಗಿ ಹರಿದಾಗ ಅಪಧಮನಿಗಳು ರಬ್ಬರಿನಂತೆ ಹೊಟ್ಟೆಯೊಳಕ್ಕೆ ಸೆಳೆದುಕೊಂಡು ಮುಚ್ಚಿಕೊಳ್ಳುತ್ತವೆ, ಆದ್ದರಿಂದ ಅವುಗಳಿಗೆ ಸೋಂಕು ತಗುಲುವುದು ಕಡಿಮೆ. ಅಭಿಧಮನಿಯ ತುದಿ ಮಾತ್ರ ಹೊಕ್ಕುಳಲ್ಲೇ ಉಳಿದು, ಬಳ್ಳಿ ಒಣಗುವವರೆಗೆ ಹೊರಗಿನ ಕೊಳೆಗೆ ತೆರೆದಿರುತ್ತದೆ.

ಸೆಗಣಿ, ಗಂಜಲದಲ್ಲಿರುವ ರೋಗಾಣುಗಳು ಈ ಒದ್ದೆ ಬಳ್ಳಿಯನ್ನು ಹಿಡಿದು ಒಳಗೆ ಹೋಗುತ್ತವೆ. ಕರುಗಳಲ್ಲಿ ಹೆಚ್ಚಾಗಿ ಸಿಗುವವು ಇ. ಕೋಲಿ, ಕೀವು ಮಾಡುವ ಟ್ರೂಪೆರೆಲ್ಲ ಮತ್ತು ಸ್ಟ್ರೆಪ್ಟೋಕಾಕಸ್ ಜಾತಿಯವು. ಅಲ್ಲಿಂದ ರಕ್ತಕ್ಕೆ ಸೇರಿದ ರೋಗಾಣುಗಳು ರಕ್ತದ ಹರಿವು ನಿಧಾನವಾಗಿರುವ, ಸಣ್ಣ ರಕ್ತನಾಳಗಳ ಜಾಲವಿರುವ ಕಡೆ ತಂಗುತ್ತವೆ. ಎಳೆಯ ಪ್ರಾಣಿಯಲ್ಲಿ ಕೀಲಿನ ಒಳಪೊರೆ ಅಂತಹ ಜಾಗ. ಮುಂಗಾಲಿನ ಮಂಡಿ, ಹಿಂಗಾಲಿನ ಹಿಮ್ಮಡಿ ಕೀಲು, ತೊಡೆಯ ಕೆಳಗಿನ ಕೀಲು ಮತ್ತು ಗೊರಸಿನ ಮೇಲಿನ ಗೆಣ್ಣು ಇವುಗಳಲ್ಲಿ ಮೊದಲು ಬಾವು ಕಾಣುವುದು ಇದೇ ಕಾರಣಕ್ಕೆ. ಅಪರೂಪಕ್ಕೆ ಕಣ್ಣಿನೊಳಗೆ ಬಿಳಿ ಮಬ್ಬು ಕೂಡುತ್ತದೆ, ಮಿದುಳಿನ ಪೊರೆಗೂ ಹರಡುತ್ತದೆ.

ಮೊದಲು ಹೊಕ್ಕುಳನ್ನು ಕೈಯಲ್ಲಿ ಹಿಡಿದು ನೋಡುವುದು

ಕುಂಟುವ ಕರುವನ್ನು ನೋಡುವಾಗ ಎಲ್ಲರ ಕಣ್ಣೂ ಕಾಲಿನ ಮೇಲೆ ಇರುತ್ತದೆ. ನಾನು ಮೊದಲು ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು, ಅದು ಏರುವಷ್ಟರಲ್ಲಿ ಹೊಕ್ಕುಳಿಗೆ ಕೈ ಹಾಕುತ್ತೇನೆ. ನೆರಳಿನಲ್ಲಿರುವ ಆರೋಗ್ಯವಂತ ಕರುವಿನ ಉಷ್ಣತೆ ಸುಮಾರು 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 103 ದಾಟಿದರೆ ಅನುಮಾನಿಸಬೇಕು. ಕುರಿಮರಿಯ ಸಹಜ ಉಷ್ಣತೆಯೇ 102 ರಿಂದ 104 ರ ನಡುವೆ ಇರುವುದರಿಂದ ಕರುವಿನ ಅಳತೆಯನ್ನು ಅದಕ್ಕೆ ಹಚ್ಚಬಾರದು. ಜ್ವರ ಇಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ, ಏಕೆಂದರೆ ರಕ್ತಕ್ಕೆಲ್ಲ ನಂಜೇರಿ ಸೋತುಹೋದ ಕರುವಿನ ಮೈ ತಣ್ಣಗಾಗಿರುತ್ತದೆ.

ಹೊಕ್ಕುಳನ್ನು ನೋಡಲು ಕರುವನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಮಲಗಿಸಬೇಕು. ನಿಂತಿರುವಾಗ ಹೊಟ್ಟೆಯ ಸ್ನಾಯು ಬಿಗಿದಿರುವುದರಿಂದ ಒಳಗಿನದು ಕೈಗೆ ಸಿಗುವುದಿಲ್ಲ. ಸರಿಯಾಗಿ ಒಣಗುತ್ತಿರುವ ಬಳ್ಳಿ ಎರಡನೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಹುರಿಯಂತೆ ಗಟ್ಟಿಯಾಗಿರುತ್ತದೆ ಮತ್ತು ಒಂದೆರಡು ವಾರದಲ್ಲಿ ತಾನಾಗಿ ಉದುರುತ್ತದೆ. ಅದರ ಬುಡದಲ್ಲಿ ಚರ್ಮದೊಳಗೆ ಪೆನ್ಸಿಲ್ ದಪ್ಪದ ಎಳೆ ಸಿಕ್ಕರೆ ಚಿಂತೆಯಿಲ್ಲ. ಹೆಬ್ಬೆರಳಿಗಿಂತ ದಪ್ಪವಾಗಿ, ಒತ್ತಿದಾಗ ಕರು ಕಾಲು ಝಾಡಿಸಿದರೆ ಅಲ್ಲಿ ಬಾವಿದೆ. ಮೇಲೆ ಹಕ್ಕಳೆ ಕಟ್ಟಿ ಒಣಗಿದಂತೆ ಕಾಣುವ ಹೊಕ್ಕುಳು ಬಹಳ ಮೋಸ ಮಾಡುತ್ತದೆ. ಹಕ್ಕಳೆಯ ಅಂಚನ್ನು ಬೆರಳಿನಿಂದ ಸ್ವಲ್ಪ ಒತ್ತಿ ಬೆರಳನ್ನು ಮೂಗಿನ ಹತ್ತಿರ ತಂದು ನೋಡಬೇಕು. ಕೊಳೆತ ವಾಸನೆ ಬಂದರೆ ಬೇರೆ ಪುರಾವೆ ಬೇಕಿಲ್ಲ.

ನಂತರ ಒಂದು ಕೈಯಿಂದ ಹೊಕ್ಕುಳನ್ನು ಹಿಡಿದು ಇನ್ನೊಂದು ಕೈಯ ಬೆರಳುಗಳನ್ನು ಹೊಟ್ಟೆಯ ಮೇಲೆ ಆಳವಾಗಿ ಒತ್ತುತ್ತ ಮುಂದಕ್ಕೆ, ಎದೆಯ ಕಡೆಗೆ ಸರಿಸಬೇಕು. ಹಗ್ಗದಂತಹ ಗಟ್ಟಿ ಎಳೆ ಮುಂದಕ್ಕೆ ಸಾಗಿದ್ದರೆ ಸೋಂಕು ಅಭಿಧಮನಿಯನ್ನು ಹಿಡಿದು ಯಕೃತ್ತಿನ ದಾರಿಯಲ್ಲಿದೆ ಎಂದರ್ಥ. ಎಳೆ ಹಿಂದಕ್ಕೆ, ತೊಡೆಸಂದಿನ ಕಡೆಗೆ ಸಾಗಿದ್ದರೆ ಮೂತ್ರನಾಳವಾಗಲಿ ಅಪಧಮನಿಯಾಗಲಿ ಬಾತಿರುತ್ತದೆ. ಅಂತಹ ಕರು ಮತ್ತೆ ಮತ್ತೆ ಸ್ವಲ್ಪ ಸ್ವಲ್ಪವೇ ಗಂಜಲ ಮಾಡುತ್ತದೆ, ಕೆಲವೊಮ್ಮೆ ಹೊಕ್ಕುಳಿನಿಂದಲೇ ತೊಟ್ಟಿಕ್ಕುತ್ತದೆ. ಮುಂದಕ್ಕೆ ಸಾಗಿದ್ದನ್ನು ನಾನು ಹೆಚ್ಚು ಗಂಭೀರವಾಗಿ ನೋಡುತ್ತೇನೆ, ಯಕೃತ್ತಿನಲ್ಲಿ ಕೀವುಗಡ್ಡೆ ಕಟ್ಟಿದರೆ ಕರು ಬದುಕುವುದು ಕಷ್ಟ. ಅನುಮಾನವಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು, ಏಕೆಂದರೆ ಕೈಗೆ ಸಿಗದ ಆಳದ ಕೀವು ಸ್ಕ್ಯಾನ್‌ನಲ್ಲಿ ಕಾಣುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಹೊಕ್ಕುಳಲ್ಲಿ ಉಬ್ಬು ಕಂಡ ಕೂಡಲೇ ಬ್ಲೇಡಿನಿಂದ ಸೀಳಿ ಕೀವು ತೆಗೆಯುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಆ ಉಬ್ಬು ಕೀವೇ ಆಗಿರಬೇಕೆಂದಿಲ್ಲ, ಅಂಡವಾಯುವೂ ಆಗಿರಬಹುದು, ಅಂದರೆ ಹೊಟ್ಟೆಯ ಗೋಡೆಯ ತೂತಿನಿಂದ ಕರುಳೇ ಚರ್ಮದ ಚೀಲಕ್ಕೆ ಇಳಿದಿರಬಹುದು. ಅಂತಹ ಉಬ್ಬು ಮೆತ್ತಗಿರುತ್ತದೆ, ಬಿಸಿಯಿರುವುದಿಲ್ಲ, ಮಲಗಿಸಿ ಒತ್ತಿದರೆ ಒಳಕ್ಕೆ ಹೋಗಿ ಬೆರಳಿನ ತುದಿಗೆ ತೂತಿನ ಅಂಚು ಸಿಗುತ್ತದೆ. ಕೀವಿನ ಉಬ್ಬು ಗಟ್ಟಿಯಾಗಿದ್ದು ಬಿಸಿ, ನೋವಿರುತ್ತದೆ, ಒಳಕ್ಕೆ ಹೋಗುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಹೊಕ್ಕುಳಿನ ಉಬ್ಬಿಗೆ ಮನೆಯಲ್ಲಿ ಬ್ಲೇಡು ತಾಗಿಸಲೇಬಾರದು.

ಕೀಲು ಸೋಂಕಿನದೋ, ಏಟಿನದೋ

ಹೊಕ್ಕುಳಿನ ಬಾವಿನ ಜೊತೆಗೆ ಕೀಲೂ ಬಾತಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಹೊಕ್ಕುಳು ಚೆನ್ನಾಗಿ ಕಂಡಾಗ ಮಾತ್ರ ವಿಚಾರ ಮಾಡಬೇಕಾಗುತ್ತದೆ. ಏಟಿನ ಬಾವು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಕೀಲಿನ ಒಂದು ಪಕ್ಕದಲ್ಲಿ ಚರ್ಮ ತರಚಿರುತ್ತದೆ, ಕರು ಹಾಲನ್ನು ಎಂದಿನಂತೆ ಕುಡಿಯುತ್ತದೆ. ಸೋಂಕಿನ ಬಾವು ಕೀಲಿನ ಸುತ್ತ ಎಲ್ಲ ಕಡೆಯಿಂದಲೂ ತುಂಬಿಕೊಂಡಿರುತ್ತದೆ, ಒತ್ತಿದರೆ ಒಳಗೆ ನೀರಿನ ಚೀಲದಂತೆ ಅಲುಗುತ್ತದೆ, ಕಾಲನ್ನು ಮಡಿಸಲು ಹೋದರೆ ಕರು ನರಳುತ್ತದೆ, ಹಾಲಿಗೆ ಬಂದರೂ ಅರ್ಧದಲ್ಲೇ ಬಿಟ್ಟು ಮಲಗುತ್ತದೆ. ಎರಡನೇ ಕೀಲನ್ನೂ ಮುಟ್ಟಿ ನೋಡುವುದನ್ನು ಮರೆಯಬಾರದು. ಕುಂಟುವುದು ಬಲಗಾಲಾದರೂ ಎಡಗಾಲಿನ ಹಿಮ್ಮಡಿಯೂ ಸ್ವಲ್ಪ ತುಂಬಿಕೊಂಡಿದ್ದರೆ ಅದು ತುಳಿತವಾಗಿರಲು ಸಾಧ್ಯವಿಲ್ಲ.

ಹುಟ್ಟಿದಾಗಿನಿಂದಲೇ ಮುಂಗಾಲು ಮಡಚಿಕೊಂಡಿದ್ದರೆ ಅದು ಸ್ನಾಯುರಜ್ಜು ಬಿಗಿದಿರುವ ದೋಷ, ಅಲ್ಲಿ ಬಿಸಿಯೂ ಇಲ್ಲ, ಜ್ವರವೂ ಇಲ್ಲ. ಮೈಯೆಲ್ಲ ಸೆಟೆದು, ದವಡೆ ಕಚ್ಚಿಕೊಂಡು, ಕಿವಿ ನೆಟ್ಟಗಾದ ಮರಿಯನ್ನು ಕೀಲು ಬಾವೆಂದು ಎಣಿಸಬಾರದು. ಅದು ಧನುರ್ವಾಯು, ಅದೂ ಹೊಕ್ಕುಳಿನ ಮೂಲಕ ಬರಬಹುದು ಮತ್ತು ಅದರ ಚಿಕಿತ್ಸೆಯೇ ಬೇರೆ.

ಕೊನೆಯ ಮಾತು ಕೀಲಿನೊಳಗಿನ ದ್ರವದ್ದು. ಪಶುವೈದ್ಯರು ಚರ್ಮವನ್ನು ಶುಚಿಗೊಳಿಸಿ ಸೂಜಿಯಿಂದ ಅದನ್ನು ಸ್ವಲ್ಪ ಹೊರತೆಗೆದಾಗ, ಸಹಜ ದ್ರವವಾದರೆ ತಿಳಿ ಹಳದಿಯಾಗಿದ್ದು ಬೆರಳುಗಳ ನಡುವೆ ಎಳೆ ಎಳೆಯಾಗಿ ಬರುತ್ತದೆ. ಸೋಂಕಿನ ದ್ರವ ಕದಡಿರುತ್ತದೆ, ನೀರಿನಂತೆ ತೆಳ್ಳಗಿದ್ದು ಅದರಲ್ಲಿ ಬಿಳಿ ಚೂರುಗಳು ತೇಲುತ್ತವೆ. ಔಷಧಿ ಶುರು ಮಾಡುವ ಮೊದಲೇ ಇದನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಯಾವ ಆ್ಯಂಟಿಬಯೋಟಿಕ್ ಕೆಲಸ ಮಾಡೀತೆಂದು ತಿಳಿಯುತ್ತದೆ. ಅಂಗಡಿಯಿಂದ ತಂದ ಇಂಜೆಕ್ಷನ್ ಎರಡು ದಿನ ಚುಚ್ಚಿ ಆದ ಮೇಲೆ ಕರೆದರೆ ಆ ಅವಕಾಶ ಹೋಗಿರುತ್ತದೆ.

ಒಂದು ಕರುವಿನ ವಿಚಾರ

ದೊಡ್ಡಬಳ್ಳಾಪುರ ರಸ್ತೆಯ ಕಡೆಯ ಒಂದು ಮನೆಯಲ್ಲಿ ಆರು ಎಚ್.ಎಫ್. ಮಿಶ್ರತಳಿ ಹಸುಗಳಿವೆ, ಹಾಲು ಡೈರಿಗೆ ಹೋಗುತ್ತದೆ. ಆಗಸ್ಟ್ ತಿಂಗಳ ಮಳೆಯಲ್ಲಿ ಹುಟ್ಟಿದ ಒಂಬತ್ತು ದಿನದ ಹೆಣ್ಣುಕರು ಬಲ ಮುಂಗಾಲನ್ನು ಎತ್ತಿಕೊಂಡು ನಿಂತಿತ್ತು. "ಹಸ ತುಳಿದೈತೆ ಡಾಕ್ಟ್ರೇ, ರಾತ್ರಿ ಹಗ್ಗ ಬಿಚ್ಕೊಂಡಿತ್ತು" ಎಂದು ಮನೆಯಾಕೆ ಹೇಳಿದರು. ಉಷ್ಣತೆ 104.2 ಇತ್ತು. ಬಲ ಮಂಡಿ ಸುತ್ತಲೂ ತುಂಬಿತ್ತು, ಎಡ ಹಿಮ್ಮಡಿಯ ಮುಂಭಾಗದಲ್ಲಿಯೂ ಮೆತ್ತಗಿನ ಉಬ್ಬು ಕೈಗೆ ಸಿಕ್ಕಿತು. ಹೊಕ್ಕುಳಿನ ಮೇಲೆ ಒಣ ಹಕ್ಕಳೆ ಇತ್ತು. ಅದರ ಬುಡವನ್ನು ಒತ್ತಿದಾಗ ಹಳದಿ ಮಿಶ್ರಿತ ಬೂದು ಬಣ್ಣದ ಕೀವಿನ ಒಂದು ಹನಿ ಪಕ್ಕದಿಂದ ಜಾರಿ ಬಂತು, ಮತ್ತು ಬೆರಳು ದಪ್ಪದ ಎಳೆಯೊಂದು ಎದೆಯ ಕಡೆಗೆ ಒಂದು ಗೇಣಿನಷ್ಟು ದೂರ ಸಾಗಿತ್ತು. ಮಂಡಿಯಿಂದ ತೆಗೆದ ದ್ರವ ಮಜ್ಜಿಗೆ ನೀರಿನಂತೆ ಕದಡಿತ್ತು.

ಮಂಡಿಯನ್ನು ಶುದ್ಧ ಸಲೈನ್‌ನಿಂದ ಒಳಗೇ ತೊಳೆದು, ನೋವಿಗೂ ಬಾವಿಗೂ ಔಷಧಿ ಕೊಟ್ಟು, ಆ್ಯಂಟಿಬಯೋಟಿಕ್ ಆರಂಭಿಸಿದ್ದಾಯಿತು. ಇಲ್ಲಿ ಜನ ತಪ್ಪುವುದು ಅವಧಿಯಲ್ಲಿ. ಮೂರನೇ ದಿನಕ್ಕೆ ಜ್ವರ ಇಳಿದು ಕರು ಓಡಾಡಿದಾಗ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ. ಕೀಲಿನೊಳಗೆ ಔಷಧಿ ತಲುಪುವುದೇ ನಿಧಾನ, ಅಲ್ಲಿ ಅಡಗಿದ ರೋಗಾಣು ಸಾಯಲು ಎರಡು ವಾರವಾದರೂ ಬೇಕಾಗಬಹುದು, ಯಾವಾಗ ನಿಲ್ಲಿಸಬೇಕೆಂಬುದನ್ನು ಕೀಲನ್ನು ಮತ್ತೆ ಮುಟ್ಟಿ ನೋಡಿದ ವೈದ್ಯರೇ ಹೇಳಬೇಕು. ಆ ಕರುವಿಗೆ ಪೂರ್ತಿ ಅವಧಿ ಕೊಡಿಸಿದ್ದರಿಂದ ಹಿಮ್ಮಡಿ ಸಂಪೂರ್ಣ ಸರಿಯಾಯಿತು. ಮಂಡಿ ಮಾತ್ರ ಸ್ವಲ್ಪ ದಪ್ಪವಾಗಿಯೇ ಉಳಿದಿದೆ, ಆದರೆ ಕಾಲು ಮಡಿಯುತ್ತದೆ, ಕರು ಬೆಳೆಯುತ್ತಿದೆ. ಎರಡರ ಬದಲು ನಾಲ್ಕು ಕೀಲು ಹಿಡಿದಿದ್ದರೆ ಈ ಫಲ ಸಿಗುತ್ತಿರಲಿಲ್ಲ. ಅಂತಹ ಕರುವಿನ ಮೇಲೆ ದಿನಗಟ್ಟಲೆ ಚಿಕಿತ್ಸೆಯ ನೋವು ಹೇರುವ ಮೊದಲು ಮನೆಯವರೊಂದಿಗೆ ನೇರವಾಗಿ ಮಾತಾಡುವುದು ವೈದ್ಯರ ಕರ್ತವ್ಯ.

ಚಿಕಿತ್ಸೆ ಮುಗಿದ ಮೇಲೆ ಆ ರಾತ್ರಿ ಏನೇನಾಯಿತೆಂದು ಮನೆಯವರೊಂದಿಗೆ ಕೂತು ಕೇಳಿದೆ. ಹಸು ರಾತ್ರಿ ಹನ್ನೊಂದರ ಸುಮಾರಿಗೆ, ಕಟ್ಟಿದ ಜಾಗದಲ್ಲೇ ಈದಿತ್ತು. ಕರು ಹಿಂದಿನ ಗಂಜಲದ ಮೋರಿಗೆ ಜಾರಿ ಬೆಳಗಿನ ಐದರವರೆಗೆ ಅಲ್ಲಿಯೇ ಮಲಗಿತ್ತು. ಕಸ ಬೀಳದೆ ಗಿಣ್ಣು ಕರೆಯಬಾರದೆಂಬ ನಂಬಿಕೆಯಿಂದ ಏಳು ಗಂಟೆಗೆ, ಕಸ ಬಿದ್ದ ಮೇಲೆ ಸುಮಾರು ಒಂದು ಲೀಟರ್ ಕುಡಿಸಿದ್ದರು. ಆಮೇಲೆ ಎಂಟು ಗಂಟೆಗೆ ಹೊಕ್ಕುಳಿಗೆ ಅಯೋಡಿನ್ ಹಚ್ಚಿದ್ದರು. ಆ ಅಯೋಡಿನ್ ಯಾವುದೆಂದು ಕೇಳಿದಾಗ ತಂದು ತೋರಿಸಿದ್ದು ಹಾಲು ಕರೆದ ಮೇಲೆ ಕೆಚ್ಚಲ ಮೊಲೆಗಳನ್ನು ಅದ್ದುವ ದ್ರಾವಣ, ಅದೇ ಕಪ್ಪಿನಲ್ಲಿ, ತಳದಲ್ಲಿ ಸೆಗಣಿಯ ಕಣಗಳೊಂದಿಗೆ.

ಮನೆಯವರು ಅಯೋಡಿನ್ ಹಚ್ಚಿದ್ದೇವಲ್ಲ ಎಂದು ನಿಜವಾಗಿಯೂ ನೊಂದುಕೊಂಡರು. ಅವರು ಅಸಡ್ಡೆ ಮಾಡಿದವರಲ್ಲ. ಆದರೆ ಮೊಲೆ ಅದ್ದುವ ದ್ರಾವಣದಲ್ಲಿ ಚರ್ಮ ಒಡೆಯದಿರಲೆಂದು ಗ್ಲಿಸರಿನ್‌ನಂತಹ ಮೃದುಕಾರಕ ಬೆರೆಸಿರುತ್ತಾರೆ, ಅದು ಬಳ್ಳಿಯನ್ನು ಒಣಗಿಸುವ ಬದಲು ಹಸಿಯಾಗಿಯೇ ಇಡುತ್ತದೆ. ಸೆಗಣಿ ಬೆರೆತ ಅಯೋಡಿನ್ ತನ್ನ ಶಕ್ತಿಯನ್ನು ಆ ಸೆಗಣಿಯ ಮೇಲೆಯೇ ಕಳೆದುಕೊಳ್ಳುತ್ತದೆ. ಅದರ ಮೇಲೆ, ಆರು ಗಂಟೆ ಮೋರಿಯಲ್ಲಿ ನೆನೆದ ಬಳ್ಳಿಗೆ ಒಂಬತ್ತು ಗಂಟೆಗಳ ನಂತರ ಯಾವ ಅಯೋಡಿನ್ ಹಚ್ಚಿದರೂ ಅದು ಹೊರಗಿನದನ್ನು ಮಾತ್ರ ಮುಟ್ಟೀತು.

ಹಿಂದಕ್ಕೆ ಹುಡುಕುವಾಗ ಮೊದಲು ನೆಲ

ಬಳ್ಳಿಗೆ ಅಯೋಡಿನ್ ಹಚ್ಚುವುದನ್ನೇ ಇಡೀ ತಡೆಗಟ್ಟುವಿಕೆ ಎಂದು ತಿಳಿಯುವುದು ಈ ರೋಗದ ಮಟ್ಟಿಗೆ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ಒದ್ದೆ ನೆಲದ ಮೇಲೆ ಕರು ಬಿದ್ದರೆ ಅಯೋಡಿನ್ ಸೋಲುತ್ತದೆ. ಹಸುವಿನ ಬಾಲದ ಬುಡದ ಎರಡೂ ಬದಿಯ ಕಟ್ಟುಗಳು ಸಡಿಲವಾಗಿ, ಕೆಚ್ಚಲು ಬಿಗಿದು, ಮೊಲೆಗಳ ತುದಿ ತುಂಬಿಕೊಂಡರೆ ಇನ್ನು ಒಂದೆರಡು ದಿನದಲ್ಲಿ ಈಯುತ್ತದೆ. ಆಗ ಹಸುವನ್ನು ಕಟ್ಟುವ ಸಾಲಿನಿಂದ ಬಿಡಿಸಿ, ತಿರುಗಾಡಿ ಮಲಗಲು ಆಗುವಷ್ಟು ಬೇರೆ ಜಾಗ ಕೊಡಬೇಕು. ಬೆಂಗಳೂರಿನ ಅಂಚಿನ ಸಣ್ಣ ಕೊಟ್ಟಿಗೆಗಳಲ್ಲಿ ಜಾಗವೇ ಕಷ್ಟ. ಅಂತಹ ಮನೆಗಳಲ್ಲಿ ನಾನು ಹೇಳುವುದು ಮೇವಿನ ಶೆಡ್ಡಿನ ಒಂದು ಮೂಲೆಯನ್ನಾದರೂ ಮೂರು ದಿನಕ್ಕೆ ಖಾಲಿ ಮಾಡಿ ಎಂದು.

ನೆಲವನ್ನು ತೊಳೆದು ಪೂರ್ತಿ ಒಣಗಿಸಿ, ಸುಣ್ಣದ ಪುಡಿ ತೆಳ್ಳಗೆ ಎರಚಿ, ಅದರ ಮೇಲೆ ಒಣ ಹುಲ್ಲನ್ನು ಒಂದು ಗೇಣು ದಪ್ಪಕ್ಕೆ ಹಾಸಬೇಕು. ಸುಣ್ಣ ಹುಲ್ಲಿನ ಕೆಳಗೆ ಇರಬೇಕೇ ಹೊರತು ಮೇಲೆ ಅಲ್ಲ, ಏಕೆಂದರೆ ಆಗತಾನೆ ಹುಟ್ಟಿದ ಕರುವಿನ ಒದ್ದೆ ಚರ್ಮವನ್ನೂ ಹಸುವಿನ ಮೊಲೆಯನ್ನೂ ಅದು ಸುಡುತ್ತದೆ. ಬೂಷ್ಟು ಹಿಡಿದ ಹುಲ್ಲು ಬೇಡ. ರಬ್ಬರ್ ಮ್ಯಾಟ್ ಮೇಲೆ ಹುಲ್ಲಿಲ್ಲದೆ ಈಯಿಸುವುದೂ ಸಾಲದು, ಮ್ಯಾಟಿನ ಗೆರೆಗಳಲ್ಲಿ ಗಂಜಲ ನಿಲ್ಲುತ್ತದೆ. ಹಾಸು ಸರಿಯಿದೆಯೇ ಎಂದು ನೋಡಲು ಸುಲಭ ಉಪಾಯವೊಂದಿದೆ. ಅದರ ಮೇಲೆ ಮಂಡಿಯೂರಿ, ಇಪ್ಪತ್ತರಿಂದ ಇಪ್ಪತ್ತೈದು ಎಣಿಸುವಷ್ಟು ಹೊತ್ತು ಕೂತು ಏಳಬೇಕು. ಪ್ಯಾಂಟಿನ ಮಂಡಿ ಒದ್ದೆಯಾಗಿದ್ದರೆ ಆ ಹಾಸು ಹೊಕ್ಕುಳಿಗೆ ಯೋಗ್ಯವಲ್ಲ.

ಬಳ್ಳಿಯ ಆರೈಕೆ

ಬಳ್ಳಿಯನ್ನು ತಾನಾಗಿ ಹರಿಯಲು ಬಿಡುವುದು ಲೇಸು. ಕತ್ತರಿಸಿದಾಗ ನಾಳಗಳು ಒಳಕ್ಕೆ ಸೆಳೆದುಕೊಳ್ಳುವ ಸಹಜ ಕ್ರಿಯೆ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಕರುವನ್ನು ಎಳೆಯುವಾಗ ಬಳ್ಳಿಯನ್ನು ಕೈಯಿಂದ ಜಗ್ಗುವುದಂತೂ ಕೂಡದು, ಹೊಟ್ಟೆಯ ಬುಡದಲ್ಲೇ ಹರಿದರೆ ಅಂಡವಾಯುವಿಗೂ ದಾರಿ, ಸೋಂಕಿಗೂ ದಾರಿ. ರಕ್ತ ನಿಲ್ಲದೆ ಹರಿಯುತ್ತಿದ್ದರೆ ಅಥವಾ ನೆಲಕ್ಕೆ ತಾಗುವಷ್ಟು ಉದ್ದವಿದ್ದರೆ ಮಾತ್ರ, ಹೊಟ್ಟೆಯಿಂದ ಮೂರು ನಾಲ್ಕು ಬೆರಳು ಬಿಟ್ಟು, ಕುದಿಸಿದ ಅಥವಾ ಅಯೋಡಿನ್‌ನಲ್ಲಿ ನೆನೆಸಿದ ದಾರದಿಂದ ಬಿಗಿದು, ಅದರ ಕೆಳಗೆ ಶುಚಿಯಾದ ಕತ್ತರಿಯಿಂದ ಕತ್ತರಿಸಬೇಕು. ಗೋಣಿಯ ನಾರು, ತಲೆಗೂದಲು, ಕುಡುಗೋಲು ಇವುಗಳನ್ನು ಬಳ್ಳಿಯ ಹತ್ತಿರ ತರಬಾರದು.

ಅಯೋಡಿನ್ ಎಂದರೆ ಶೇ. 7 ರ ಟಿಂಕ್ಚರ್ ಸಿಕ್ಕರೆ ಅದೇ ಉತ್ತಮ, ಏಕೆಂದರೆ ಅದರಲ್ಲಿರುವ ಆಲ್ಕೋಹಾಲ್ ಬಳ್ಳಿಯ ನೀರನ್ನು ಹೀರಿ ಬೇಗ ಒಣಗಿಸುತ್ತದೆ. ಅದು ಸಿಗದಿದ್ದರೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನೀರು ಬೆರೆಸದೆ ಬಳಸಬಹುದು. ಅದು ನೀರಿನ ದ್ರಾವಣವಾದ್ದರಿಂದ ಒಣಗಿಸುವ ಕೆಲಸ ಕಡಿಮೆ, ಹಾಗಾಗಿ ಮೊದಲ ದಿನ ಎರಡು ಮೂರು ಸಲ ಹಚ್ಚಬೇಕಾಗುತ್ತದೆ. ಸ್ಪ್ರೇ ಹೊಡೆದರೆ ಒಂದೇ ಬದಿಗೆ ತಾಗಿ ಹಿಂಬದಿ ಉಳಿಯುತ್ತದೆ. ಅಗಲ ಬಾಯಿಯ ಸಣ್ಣ ಬಟ್ಟಲಿಗೆ ಎರಡು ಬೆರಳು ಆಳಕ್ಕೆ ಹಾಕಿ, ನಿಂತ ಕರುವಿನ ಹೊಟ್ಟೆಗೆ ಬಟ್ಟಲನ್ನು ಒತ್ತಿ, ಬಳ್ಳಿ ಬುಡದವರೆಗೂ ಮುಳುಗುವಂತೆ ಅರ್ಧ ನಿಮಿಷ ಹಿಡಿಯಬೇಕು. ಹುಟ್ಟಿ ಅರ್ಧ ಗಂಟೆಯೊಳಗೆ ಒಮ್ಮೆ, ಹನ್ನೆರಡು ಗಂಟೆಯ ಮೇಲೆ ಇನ್ನೊಮ್ಮೆ ಮಾಡಬೇಕು. ಉಳಿದದ್ದನ್ನು ಶೀಸೆಗೆ ಮರಳಿ ಸುರಿಯದೆ ಚೆಲ್ಲಿಬಿಡಬೇಕು. ಒಂದು ಕರುವಿನ ಕೊಳೆ ಇನ್ನೊಂದಕ್ಕೆ ದಾಟುವುದು ಆ ಉಳಿಸಿದ ಹನಿಗಳಿಂದಲೇ.

ಅರಿಶಿನ, ಬೂದಿ, ಸೆಗಣಿ, ಗಾಡಿಯ ಎಣ್ಣೆ ಇವುಗಳಲ್ಲಿ ಯಾವುದನ್ನು ಬಳಿದರೂ ಬಳ್ಳಿಯ ಮೇಲೆ ಪದರ ಕಟ್ಟಿ ಒಣಗುವುದು ತಡವಾಗುತ್ತದೆ. ಬೂದಿ, ಸೆಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳೂ ಇರಬಹುದು. ಹಿರಿಯರು ಹಚ್ಚುತ್ತಿದ್ದರೆಂಬ ಮಾತಿಗೆ ಗೌರವ ಇಟ್ಟುಕೊಂಡೇ ಇದನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಗಿಣ್ಣು ತಡವಾದರೆ

ಕರುವಿನ ರಕ್ತದಲ್ಲಿ ಹುಟ್ಟುವಾಗ ರೋಗನಿರೋಧಕ ಅಂಶ ಇರುವುದೇ ಇಲ್ಲವೆನ್ನಬಹುದು. ಅದು ಬರುವುದು ಗಿಣ್ಣಿನಿಂದ, ಮತ್ತು ಕರುಳು ಅದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಒಂದು ದಿನದವರೆಗೆ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆಯಾಗುತ್ತ ಹೋಗುತ್ತದೆ. ಬಳ್ಳಿಯಿಂದ ಕೆಲವು ರೋಗಾಣು ಒಳಗೆ ಹೋದರೂ ಗಿಣ್ಣು ಸಾಕಷ್ಟು ಕುಡಿದ ಕರು ಅವುಗಳನ್ನು ರಕ್ತದಲ್ಲೇ ತಡೆಯುತ್ತದೆ. ಕುಡಿಯದ ಕರುವಿನಲ್ಲಿ ಅವು ಕೀಲಿಗೆ ತಲುಪುತ್ತವೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 30 ಕೆ.ಜಿ. ಕರುವಿಗೆ 3 ಲೀಟರ್ ಗಿಣ್ಣು ಮೊದಲ ನಾಲ್ಕು ಗಂಟೆಯೊಳಗೆ ಹೋಗಬೇಕು, ಒಂದೇ ಸಲ ಕುಡಿಯದಿದ್ದರೆ ಎರಡು ಸಲಕ್ಕೆ. ಕಸ ಬೀಳುವುದಕ್ಕೂ ಗಿಣ್ಣು ಕರೆಯುವುದಕ್ಕೂ ವಿರೋಧವಿಲ್ಲ. ಕರು ಮೊಲೆ ಚೀಪಿದಾಗ ಹಸುವಿನ ಮೈಯಲ್ಲಿ ಬಿಡುಗಡೆಯಾಗುವ ಹಾರ್ಮೋನ್ ಗರ್ಭಕೋಶವನ್ನೂ ಸಂಕುಚಿಸುತ್ತದೆ, ಆದ್ದರಿಂದ ಬೇಗ ಕುಡಿಸಿದರೆ ಕಸ ಬೀಳಲು ಅಡ್ಡಿಯಾಗುವುದಿಲ್ಲ.

ಕರು ಸಾಕಷ್ಟು ಕುಡಿದಿದೆಯೇ ಎಂದು ನಂತರವೂ ತಿಳಿಯಬಹುದು. ಮೊದಲ ವಾರದಲ್ಲಿ ಸ್ವಲ್ಪ ರಕ್ತ ತೆಗೆದು ಅದರ ಸೀರಮ್‌ನಲ್ಲಿ ಒಟ್ಟು ಪ್ರೋಟೀನ್ ಅಳೆದಾಗ, 100 ಮಿ.ಲೀ.ಗೆ 5.2 ಗ್ರಾಂಗಿಂತ ಕಡಿಮೆಯಿದ್ದರೆ ಗಿಣ್ಣಿನ ರಕ್ಷಣೆ ಸಿಕ್ಕಿಲ್ಲವೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಭೇದಿಯಾಗಿ ನೀರು ಕಳೆದುಕೊಂಡ ಕರುವಿನಲ್ಲಿ ಮಾತ್ರ ಈ ಸಂಖ್ಯೆ ಸುಳ್ಳಾಗಿ ಹೆಚ್ಚು ತೋರುತ್ತದೆ. ಒಂದೇ ಕೊಟ್ಟಿಗೆಯಲ್ಲಿ ಹೊಕ್ಕುಳು ಬಾವು ಮರುಕಳಿಸುತ್ತಿದ್ದರೆ ನಾಲ್ಕಾರು ಆರೋಗ್ಯವಂತ ಕರುಗಳಲ್ಲಿ ಇದನ್ನು ನೋಡಿಸುವುದು ಬಹಳ ಉಪಯುಕ್ತ.

ಕುರಿಮರಿಗಳಲ್ಲಿ ಬೇರೆಯಾಗುವ ಅಂಶ

ಕುರಿಮರಿಗಳ ವಿಷಯದಲ್ಲಿ ಒಂದು ಒಗಟು ಎದುರಾಗುತ್ತದೆ. ರೊಪ್ಪದಲ್ಲಿ ಎಲ್ಲ ಮರಿಗಳಿಗೂ ಅಯೋಡಿನ್ ಹಚ್ಚಿರುತ್ತಾರೆ, ಹೊಕ್ಕುಳೂ ಒಣಗಿರುತ್ತದೆ, ಆದರೂ ಎರಡನೇ ವಾರದಲ್ಲಿ ಒಂದರ ಹಿಂದೊಂದು ಮರಿ ಮಂಡಿಯ ಮೇಲೆ ತೆವಳಲು ಶುರುವಾಗುತ್ತದೆ. ಇಂತಹ ಗುಂಪು ಕೀಲು ಬಾವಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟ್ರೆಪ್ಟೋಕಾಕಸ್ ಡಿಸ್‌ಗ್ಯಾಲಾಕ್ಟಿಯೆ ಎಂಬ ರೋಗಾಣು. ಅದು ಹೊಕ್ಕುಳಿನಿಂದ ಮಾತ್ರವಲ್ಲ, ಬಾಯಿಯ ಮೂಲಕವೂ, ಕಿವಿಗೆ ಓಲೆ ಹಾಕಿದ ಗಾಯದ ಮೂಲಕವೂ ಒಳಗೆ ಹೋಗಬಲ್ಲದು, ಮತ್ತು ಒಣ ಹುಲ್ಲಿನ ಹಾಸಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ಆದ್ದರಿಂದ ಇಲ್ಲಿ ಹುಡುಕಬೇಕಾದದ್ದು ಹಳೆಯ ಹಾಸು, ಒಂದೇ ಮೂಲೆಯಲ್ಲಿ ಸಾಲಾಗಿ ಮರಿ ಹಾಕಿಸಿದ್ದು, ಕಿವಿ ಓಲೆ ಹಾಕುವ ಇಕ್ಕಳವನ್ನು ಮರಿಯಿಂದ ಮರಿಗೆ ಸ್ಪಿರಿಟ್‌ನಲ್ಲಿ ಅದ್ದದೆ ಬಳಸಿದ್ದು, ಮರಿ ಹಾಕಿಸಿದ ಕೈ ತೊಳೆಯದೆ ಇನ್ನೊಂದು ಮರಿಯ ಬಾಯಿಗೆ ಬೆರಳಿಟ್ಟದ್ದು.

ಮರಿ ಹಾಕುವ ಹೊತ್ತು ಒತ್ತಾಗಿದ್ದರೆ ಪ್ರತಿ ತಾಯಿಗೂ ಹಲಗೆಯ ಒಂದು ಸಣ್ಣ ಗೂಡು ಮಾಡಿ, ಒಂದು ಕುರಿ ಹೊರಗೆ ಹೋದ ಮೇಲೆ ಹಾಸನ್ನು ತೆಗೆದು ಸುಣ್ಣ ಹಾಕಿ ಹೊಸ ಹುಲ್ಲು ಹರಡಬೇಕು. ಗಿಣ್ಣಿನ ಲೆಕ್ಕ ಮರಿಯ ತೂಕದ ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 50 ಮಿ.ಲೀ., ಮೊದಲ ದಿನ ಒಟ್ಟು 200 ಮಿ.ಲೀ. ಬನ್ನೂರು ತಳಿಯ ಎರಡೂವರೆ ಕೆ.ಜಿ. ಮರಿಗೆ ಮೊದಲ ಒಂದೆರಡು ಗಂಟೆಯೊಳಗೆ 125 ಮಿ.ಲೀ., ದಿನಕ್ಕೆ ಅರ್ಧ ಲೀಟರ್ ಎಂದಾಯಿತು. ಅವಳಿ ಮರಿಗಳಲ್ಲಿ ಚಿಕ್ಕದು ಮೊಲೆ ಹಿಡಿಯದೆ ಹಸಿದಿರುತ್ತದೆ, ಅದರ ಹೊಟ್ಟೆಯನ್ನು ಕೈಯಿಂದ ಮುಟ್ಟಿ ತುಂಬಿದೆಯೇ ಎಂದು ನೋಡಬೇಕು. ಈ ಸ್ಟ್ರೆಪ್ಟೋಕಾಕಸ್ ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಬಗ್ಗುತ್ತದೆ, ಆದರೆ ಕುಂಟಿದ ಮೊದಲ ದಿನವೇ ಶುರು ಮಾಡಿದರೆ ಮಾತ್ರ ಮರಿ ನೆಟ್ಟಗೆ ನಡೆಯುತ್ತದೆ.

ರೋಗ ಬಂದ ಕರು ಅಥವಾ ಮರಿ ಮಲಗಿದ್ದ ಹಾಸನ್ನು ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಬೇಕು, ಬಾವಿನ ಕೀವು ತಾಗಿದ ಕೈಯನ್ನು ಸೋಪಿನಿಂದ ತೊಳೆದೇ ಆರೋಗ್ಯವಂತ ಕರುವಿನ ಬಳಿಗೆ ಹೋಗಬೇಕು. ಹುಟ್ಟಿದ ದಿನದಿಂದ ಹದಿನಾಲ್ಕು ದಿನಗಳವರೆಗೆ ದಿನಕ್ಕೊಮ್ಮೆ, ಹಾಲು ಕುಡಿಸುವ ಹೊತ್ತಿನಲ್ಲಿ ಹೊಕ್ಕುಳಿನ ಬುಡವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರೆ ಬಾವು ಕೀಲಿಗೆ ಹೋಗುವ ಮುನ್ನವೇ ಸಿಗುತ್ತದೆ. ದಪ್ಪವಾಗಿದೆಯೆಂಬ ಅನುಮಾನ ಬಂದ ದಿನವೇ ಹತ್ತಿರದ ಪಶು ಆಸ್ಪತ್ರೆಗೆ ಹೇಳಬೇಕು, ಕರುವನ್ನು ಸಾಗಿಸಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಕರೆ ಮಾಡುವಾಗ ಹುಟ್ಟಿದ ದಿನ, ಗಿಣ್ಣು ಕುಡಿಸಿದ ಹೊತ್ತು, ಅಂದಿನ ಉಷ್ಣತೆ ಮತ್ತು ಈಗಾಗಲೇ ಯಾವುದಾದರೂ ಇಂಜೆಕ್ಷನ್ ಹಾಕಿದ್ದರೆ ಅದರ ಶೀಸೆಯ ಹೆಸರು ಇವಿಷ್ಟನ್ನು ಹೇಳಿದರೆ ಬರುವ ವೈದ್ಯರು ಬೇಕಾದ ಸಲೈನ್ ಮತ್ತು ಔಷಧಿಯೊಂದಿಗೆ ಬರಲು ಅನುಕೂಲವಾಗುತ್ತದೆ.